ಪಿ.ಒ., ಜಿ.ಆರ್.ಎನ್., ಬಿಲ್: ಮೂರೂ ಒಂದೇ ಮಾತು ಹೇಳುತ್ತಿವೆಯೇ?

ಕಾರ್ಖಾನೆಯ ಸ್ಟೋರ್ಸ್‌ಗೆ ಒಂದು ಬಾಕ್ಸ್ ಬೋಲ್ಟ್ ಬಂದಿತೆಂದರೆ ಅದರ ಬೆನ್ನಿಗೆ ಮೂರು ಕಾಗದಗಳು ಇರುತ್ತವೆ. ಯಾವ ಮಾಲು, ಎಷ್ಟು, ಯಾವ ದರಕ್ಕೆ ಬೇಕು ಎಂದು ಖರೀದಿ ವಿಭಾಗದವರು ಮೊದಲೇ ಬರೆದುಕೊಟ್ಟದ್ದು ಪರ್ಚೇಸ್ ಆರ್ಡರ್, ಅಂದರೆ ಪಿ.ಒ. ಇಷ್ಟು ಕಳಿಸಿದ್ದೇವೆ, ಇಷ್ಟು ಹಣ ಕೊಡಿ ಎಂದು ಪಾರ್ಟಿಯವರು ಬರೆದದ್ದು ಬಿಲ್. ಇವೆರಡನ್ನೂ ಬರೆದವರು ಬಾಗಿಲಿಗೆ ಬಂದ ಮಾಲನ್ನು ಕಣ್ಣಿಂದ ನೋಡಿಲ್ಲ. ನೋಡಿದವನು ಸ್ಟೋರ್ಸ್ ಗುಮಾಸ್ತ. ಅವನು ಬರೆಯುವುದು ಮೂರನೆಯ ಕಾಗದ, ಗೂಡ್ಸ್ ರಿಸೀಟ್ ನೋಟ್, ಎಲ್ಲರ ಬಾಯಲ್ಲಿ ಜಿ.ಆರ್.ಎನ್.

ಅಕೌಂಟ್ಸ್‌ನವರು ಈ ಮೂರನ್ನೂ ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದ ಮೇಲೆಯೇ ಹಣ ಬಿಡುಗಡೆಯಾಗುತ್ತದೆ. ದರವನ್ನು ಪಿ.ಒ.ದಿಂದ, ಸಂಖ್ಯೆಯನ್ನು ಜಿ.ಆರ್.ಎನ್.ನಿಂದ ತೆಗೆದುಕೊಂಡು, ಬಿಲ್ ಇವೆರಡಕ್ಕೂ ಹೊಂದುತ್ತದೆಯೇ ಎಂದು ನೋಡುತ್ತಾರೆ. ಇದಕ್ಕೆ ತ್ರೀ-ವೇ ಮ್ಯಾಚಿಂಗ್ ಎನ್ನುತ್ತಾರೆ.

ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್ ಎಂದು ಇಟ್ಟುಕೊಳ್ಳಿ. ಪಿ.ಒ. ಪ್ರಕಾರ ಎಂ12 ಅಳತೆಯ, 50 ಮಿ.ಮೀ. ಉದ್ದದ 5,000 ಬೋಲ್ಟ್ ಬೇಕು, ಒಂದಕ್ಕೆ 9.50 ರೂಪಾಯಿ. ಲಾರಿಯಲ್ಲಿ ಹತ್ತು ಪೆಟ್ಟಿಗೆ ಬಂತು, ಪ್ರತಿಯೊಂದರ ಮೇಲೂ ‘500’ ಎಂಬ ಚೀಟಿ. ಡ್ರೈವರ್ ಚಲನ್ ಚಾಚಿ, “ಸೈನ್ ಹಾಕಿ ಸಾರ್, ಇನ್ನೂ ಎರಡು ಕಡೆ ಇಳಿಸ್ಬೇಕು” ಎಂದು ಅವಸರ ಮಾಡುತ್ತಾನೆ. ಅವನನ್ನು ನಿಲ್ಲಿಸಿಕೊಂಡು ಐದು ಸಾವಿರ ಬೋಲ್ಟ್ ಎಣಿಸಲಾಗದು, ಎಣಿಸದೆ ‘5,000 ಬಂದಿದೆ’ ಎಂದು ಬರೆದುಕೊಡಲೂ ಬಾರದು. ಅದಕ್ಕೆ ಪಳಗಿದ ಗುಮಾಸ್ತರು ಚಲನ್‌ನ ಎರಡೂ ಪ್ರತಿಗಳ ಮೇಲೆ ‘10 ಪೆಟ್ಟಿಗೆ ಬಂದಿದೆ, ಎಣಿಕೆ ಬಾಕಿ’ ಎಂದು ಬರೆದು ಸಹಿ ಹಾಕುತ್ತಾರೆ.

ಆಮೇಲೆ ತಕ್ಕಡಿಯ ಕೆಲಸ. ಕೈಯಾರೆ ಎಣಿಸಿದ 50 ಬೋಲ್ಟ್ 3 ಕೆ.ಜಿ. ತೂಗಿತು, ಅಂದರೆ ಒಂದು ಪೆಟ್ಟಿಗೆ ಖಾಲಿ ಪೆಟ್ಟಿಗೆಯ ತೂಕ ಕಳೆದು 30 ಕೆ.ಜಿ. ತೂಗಬೇಕು. ಏಳು ಪೆಟ್ಟಿಗೆ ಸರಿಯಾಗಿ ತೂಗಿದವು. ಮೂರು ಮಾತ್ರ 27 ಕೆ.ಜಿ. ಬಂದವು, ಬಿಚ್ಚಿ ಎಣಿಸಿದರೆ ತಲಾ 450. ಒಟ್ಟು ಬಂದದ್ದು 4,850. ಕ್ವಾಲಿಟಿಯವರು ಗೇಜ್ ಹಾಕಿ ನೋಡಿ, ಥ್ರೆಡ್ ಕೆಟ್ಟ 200 ಬೋಲ್ಟ್‌ಗಳನ್ನು ಬದಿಗಿಟ್ಟರು. ಜಿ.ಆರ್.ಎನ್.ನಲ್ಲಿ ಹೀಗೆ ಮೂರು ಅಂಕಿ ಬಿದ್ದವು: ಬಂದದ್ದು 4,850, ತಿರಸ್ಕರಿಸಿದ್ದು 200, ಒಪ್ಪಿಕೊಂಡದ್ದು 4,650.

ಮರುದಿನ ಬಂದ ಬಿಲ್‌ನಲ್ಲಿ 5,000 ಬೋಲ್ಟ್, ದರ 9.80. ಮಾಲಿಗೆ 49,000, ಅದರ ಮೇಲೆ ಶೇ 18ರ ಜಿ.ಎಸ್.ಟಿ. 8,820, ಒಟ್ಟು 57,820 ರೂಪಾಯಿ. ತಾಳೆ ನೋಡಿದರೆ ಕೊಡಬೇಕಾದದ್ದು 4,650 ಬೋಲ್ಟ್‌ಗೆ, 9.50ರ ದರದಲ್ಲಿ: 44,175, ತೆರಿಗೆ ಸೇರಿ 52,126 ರೂಪಾಯಿ 50 ಪೈಸೆ. ಬಿಲ್ಲಿನಲ್ಲಿ 5,693 ರೂಪಾಯಿ 50 ಪೈಸೆ ಹೆಚ್ಚಿದೆ. ಇದರಲ್ಲಿ ಮೂವತ್ತು ಪೈಸೆಯ ದರವ್ಯತ್ಯಾಸವನ್ನು ಅಕೌಂಟ್ಸ್‌ನವರೇ ಪಿ.ಒ. ನೋಡಿ ಹಿಡಿಯುತ್ತಾರೆ. ಉಳಿದ ಎರಡು, ಅಂದರೆ ಕಡಿಮೆ ಬಂದ 150 ಮತ್ತು ಕೆಟ್ಟ 200, ಸ್ಟೋರ್ಸ್‌ನವರು ಬರೆಯದಿದ್ದರೆ ಇಡೀ ಕಂಪನಿಯಲ್ಲಿ ಇನ್ಯಾರಿಗೂ ಗೊತ್ತಾಗುವ ದಾರಿಯೇ ಇಲ್ಲ.

ಈ ಪದ್ಧತಿ ಕೆಡುವುದು ಇಲ್ಲೇ. ಕೆಲಸದ ಒತ್ತಡದಲ್ಲಿ ಚಲನ್ ನೋಡಿಕೊಂಡು ಅದೇ ಸಂಖ್ಯೆಯನ್ನು ಜಿ.ಆರ್.ಎನ್.ಗೆ ಇಳಿಸಿಬಿಡುವ ರೂಢಿ ಬಹಳ ಕಡೆ ಇದೆ. ಆಗ ಮೂರು ಕಾಗದ ತಾಳೆಯಾದಂತೆ ಕಾಣುತ್ತವೆ, ನಿಜವಾಗಿ ಪಾರ್ಟಿಯ ಮಾತನ್ನೇ ಎರಡು ಸಲ ಓದಿದಂತಾಗಿರುತ್ತದೆ. ಕೆಲವು ಕಂಪನಿಗಳು ಸ್ಟೋರ್ಸ್‌ಗೆ ಕೊಡುವ ಪಿ.ಒ. ಪ್ರತಿಯಲ್ಲಿ ಸಂಖ್ಯೆಯ ಕಾಲಂ ಅನ್ನೇ ಖಾಲಿ ಬಿಡುವುದು ಇದಕ್ಕೇ. ಗುಮಾಸ್ತನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಮುಂದೆ 5,000 ಎಂದು ಬರೆದಿದ್ದರೆ ಎಣಿಸುವವನ ಮನಸ್ಸು 4,850ರಲ್ಲಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಜಿ.ಆರ್.ಎನ್. ತಿರುವಿಹಾಕಿದರೂ ಒಂದೇ ಒಂದು ಶಾರ್ಟೇಜ್ ಕಾಣದಿದ್ದರೆ, ನಾನಾದರೆ ಪಾರ್ಟಿಗಳನ್ನು ಮೆಚ್ಚುವ ಮೊದಲು ತಕ್ಕಡಿಯ ಮೇಲೆ ಧೂಳು ಕೂತಿದೆಯೇ ಎಂದು ನೋಡುತ್ತೇನೆ.

ಕೆಟ್ಟ ಮಾಲಿನ ವಿಷಯದಲ್ಲಿ ತಾರೀಖೂ ಮುಖ್ಯ. ಪಾರ್ಟಿ ಎಂ.ಎಸ್.ಎಂ.ಇ. ನೋಂದಣಿ ಇರುವ ಸಣ್ಣ ತಯಾರಕನಾಗಿದ್ದರೆ, 2006ರ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ಅವಧಿ ಇಟ್ಟುಕೊಳ್ಳುವಂತಿಲ್ಲ. ಆ ದಿನಗಳ ಲೆಕ್ಕ ಮಾಲು ಬಂದ ದಿನದಿಂದ ಶುರು. ಮಾಲು ಬಂದ 15 ದಿನದೊಳಗೆ ಲಿಖಿತವಾಗಿ ತಕರಾರು ಹೇಳಿದ್ದರೆ ಮಾತ್ರ, ಪಾರ್ಟಿ ಅದನ್ನು ಸರಿಪಡಿಸಿದ ದಿನದಿಂದ ಎಣಿಕೆ. ಫೋನಿನಲ್ಲಿ “ನಿಮ್ಮ ಬೋಲ್ಟ್ ಸರಿ ಇಲ್ಲ” ಎಂದರೆ ಸಾಲದು. 200 ಬೋಲ್ಟ್‌ಗಳ ರಿಜೆಕ್ಷನ್ ಚೀಟಿ ಸ್ಟೋರ್ಸ್ ಮೇಜಿನ ಮೇಲೆ ಮೂರು ವಾರ ಮಲಗಿದ್ದರೆ ಕಾನೂನಿನ ಕಣ್ಣಿಗೆ ಆ ಮಾಲನ್ನು ಒಪ್ಪಿಕೊಂಡಂತೆಯೇ. ಜಿ.ಎಸ್.ಟಿ.ಗೂ ಇದು ತಾಗುತ್ತದೆ: ಬಾರದ 150 ಬೋಲ್ಟ್‌ಗಳ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಬಿಲ್‌ನಲ್ಲಿ ಅಚ್ಚಾಗಿದ್ದರೂ ಸರಿ.

ಕಂಪ್ಯೂಟರ್ ಇದ್ದ ಕಡೆ ತಾಳೆಯ ಕೆಲಸ ಅದರದ್ದು. ಎಸ್‌ಎಪಿ ಇರುವ ಕಾರ್ಖಾನೆಯಲ್ಲಿ ಗುಮಾಸ್ತ MIGO ತೆರೆಯಲ್ಲಿ ಮಾಲು ಹತ್ತಿಸುತ್ತಾನೆ, ಅಕೌಂಟ್ಸ್‌ನವರು MIRO ತೆರೆಯಲ್ಲಿ ಬಿಲ್ ಹತ್ತಿಸುತ್ತಾರೆ, ವ್ಯತ್ಯಾಸ ನಿಗದಿತ ಮಿತಿ ಮೀರಿದರೆ ಬಿಲ್ ತಾನಾಗಿಯೇ ತಡೆಯಲ್ಲಿ ಕೂರುತ್ತದೆ. ಒಂದೇ ಬಿಲ್ ಎರಡು ಸಲ ಬಂದರೂ ಸಿಕ್ಕಿಬೀಳುತ್ತದೆ, ಏಕೆಂದರೆ ಎರಡನೆಯದಕ್ಕೆ ಹೊಂದಿಸಲು ಜಿ.ಆರ್.ಎನ್. ಉಳಿದಿರುವುದಿಲ್ಲ. ಆದರೆ ಪಿ.ಒ.ದಲ್ಲೇ ದರ ಏರಿಸಿ ಬರೆದಿದ್ದರೆ ಈ ತಾಳೆಗೆ ಅದು ಕಾಣುವುದಿಲ್ಲ. ಗುಮಾಸ್ತನೂ ಪಾರ್ಟಿಯೂ ಒಳಗೊಳಗೇ ಕೈಜೋಡಿಸಿದ್ದರಂತೂ ಕಾಗದದಲ್ಲಿ ಎಲ್ಲವೂ ಸರಿ.

ಇನ್ನು ಆ 350 ಬೋಲ್ಟ್. ಇವು ಹಿಂತಿರುಗಿ ಬರಲು ಎರಡು ದಾರಿ ಇವೆ. ಪಾರ್ಟಿ 350ಕ್ಕೆ ಕ್ರೆಡಿಟ್ ನೋಟ್ ಕೊಟ್ಟರೆ, ಬದಲಿ ಮಾಲು ಹೊಸ ಬಿಲ್‌ನೊಡನೆ ಬರಬೇಕು. ಕ್ರೆಡಿಟ್ ನೋಟ್ ಕೊಡದಿದ್ದರೆ, ಹಳೆಯ ಬಿಲ್‌ನ ನಂಬರ್ ನಮೂದಿಸಿದ ಚಲನ್ ಮೇಲಷ್ಟೇ ಬರಬೇಕು, ಹೊಸ ಜಿ.ಆರ್.ಎನ್. ಆದ ಮೇಲೆ ತಡೆಹಿಡಿದ ಹಣ ಹೋಗುತ್ತದೆ. ದರದ ಮೂವತ್ತು ಪೈಸೆಗೆ ಕ್ರೆಡಿಟ್ ನೋಟ್ ಎರಡೂ ದಾರಿಯಲ್ಲಿ ಬೇಕು. ಎರಡು ದಾರಿ ಬೆರೆತರೆ ಯಾರಿಗಾದರೂ ನಷ್ಟ: ಕ್ರೆಡಿಟ್ ನೋಟ್ ಇಲ್ಲದೆ ಹೊಸ ಬಿಲ್ ಬಂದು, ಹಳೆಯದೂ ಪೂರ್ತಿ ಪಾಸಾದರೆ ಕಂಪನಿ 350 ಬೋಲ್ಟ್‌ಗೆ ಎರಡು ಸಲ ಹಣ ಕೊಡುತ್ತದೆ. ಆದ್ದರಿಂದ ಬದಲಿ ಮಾಲು ಗೇಟಿಗೆ ಬಂದಾಗ ಗುಮಾಸ್ತ ಪೆಟ್ಟಿಗೆ ಬಿಚ್ಚುವ ಮೊದಲು ಅಕೌಂಟ್ಸ್‌ಗೆ ಒಂದು ಫೋನ್ ಮಾಡಿ, “ಇದಕ್ಕೆ ಕ್ರೆಡಿಟ್ ನೋಟ್ ಬಂದಿದೆಯಾ?” ಎಂದು ಕೇಳಿ, ಉತ್ತರವನ್ನು ಹೊಸ ಜಿ.ಆರ್.ಎನ್.ನ ಷರಾ ಕಾಲಂನಲ್ಲಿ ಬರೆದಿಡುತ್ತಾನೆ.