ಪಾರ್ಸೆಲ್ ರಾಜ್ಯದ ಗಡಿ ದಾಟುತ್ತದೆಯೇ? ಮನೆಯಿಂದ ಆನ್‌ಲೈನ್ ಮಾರಾಟ ಮಾಡುವವರಿಗೆ ಜಿಎಸ್‌ಟಿ ನೋಂದಣಿ

ಮನೆಯಲ್ಲೇ ಏನಾದರೂ ತಯಾರಿಸಿ ಆನ್‌ಲೈನ್‌ನಲ್ಲಿ ಮಾರಲು ಹೊರಟವರು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ನೆಚ್ಚಿಕೊಂಡಿರುತ್ತಾರೆ: 40 ಲಕ್ಷ. ವರ್ಷದ ವಹಿವಾಟು ಅಷ್ಟಾಗುವವರೆಗೆ ಜಿಎಸ್‌ಟಿ ಗೊಡವೆ ಇಲ್ಲ ಎಂದು ಅಕ್ಕಪಕ್ಕದವರು ಹೇಳಿರುತ್ತಾರೆ. ಕರ್ನಾಟಕದಲ್ಲಿ ಬೀದಿ ಬದಿಯ ಬಟ್ಟೆ ಅಂಗಡಿಗೆ ಆ ಮಾತು ಸರಿ. ಸರಕನ್ನಷ್ಟೇ ಮಾರುವವರಿಗೆ 2019ರ ಏಪ್ರಿಲ್‌ನಿಂದ ಇರುವ ಮಿತಿ ಅದೇ. ಆದರೆ ಆನ್‌ಲೈನ್ ಮಾರಾಟದಲ್ಲಿ ವಹಿವಾಟು ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು, ನಿಮ್ಮ ಪಾರ್ಸೆಲ್ ಎಲ್ಲಿಗೆ ಹೋಗುತ್ತದೆ, ಯಾರ ಮೂಲಕ ಹೋಗುತ್ತದೆ ಎಂದು.

ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಕೆಲವರಿಗೆ ಈ ಮಿತಿಯ ರಿಯಾಯಿತಿಯನ್ನು ಕೊಡುವುದೇ ಇಲ್ಲ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರು ಮತ್ತು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂಥ ಮಾರುಕಟ್ಟೆ ತಾಣಗಳ ಮೂಲಕ ಸರಕು ಮಾರುವವರು ಆ ಪಟ್ಟಿಯಲ್ಲಿದ್ದಾರೆ. ಅಂಥವರು ಒಂದೇ ಒಂದು ಪೀಸ್ ಮಾರಿದರೂ ನೋಂದಣಿ ಕಡ್ಡಾಯ. ಪುಸ್ತಕದಂಥ ತೆರಿಗೆಯೇ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ಈ ಕಟ್ಟು ಅನ್ವಯಿಸುವುದಿಲ್ಲ.

2023ರ ಅಕ್ಟೋಬರ್ 1ರಂದು ಈ ನಿಯಮ ಸ್ವಲ್ಪ ಸಡಿಲವಾಯಿತು. ವಹಿವಾಟು ಮಿತಿಯೊಳಗಿದ್ದು, ಒಂದೇ ರಾಜ್ಯದೊಳಗೆ ಮಾರುವ ಸಣ್ಣವರು ಜಿಎಸ್‌ಟಿ ಸಂಖ್ಯೆ ಪಡೆಯದೆಯೂ ತಾಣಗಳ ಮೂಲಕ ವ್ಯಾಪಾರ ಮಾಡಬಹುದು. ಅದಕ್ಕೆ ಬೇಕಾದದ್ದು ಎನ್‌ರೋಲ್‌ಮೆಂಟ್ ಸಂಖ್ಯೆ. gst.gov.in ತಾಣದಲ್ಲಿ ಪ್ಯಾನ್, ವಿಳಾಸ, ರಾಜ್ಯವನ್ನು ನಮೂದಿಸಿದರೆ ಪರಿಶೀಲನೆಯ ನಂತರ ಅದು ಸಿಗುತ್ತದೆ. ಸಂಖ್ಯೆ ಕೈಗೆ ಬರುವ ಮೊದಲು ಮಾರುವಂತಿಲ್ಲ. ಎರಡನೇ ರಾಜ್ಯದಲ್ಲಿ ಮಾರುವಂತಿಲ್ಲ. ಪಾರ್ಸೆಲ್ ಗಡಿ ದಾಟುವಂತಿಲ್ಲ. ಅದನ್ನು ತಡೆಯುವ ಹೊಣೆ ತಾಣದ ಮೇಲೂ ಇದೆ. ಹೀಗೆ ಮಾರುವವರು ರಿಟರ್ನ್ಸ್ ಸಲ್ಲಿಸಬೇಕಿಲ್ಲ. ಎಲ್ಲ ತಾಣಗಳೂ ಈ ಸಂಖ್ಯೆಯನ್ನು ಒಪ್ಪಿಕೊಳ್ಳುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯಲ್ಲಿ ಒಬ್ಬ ಗೃಹಿಣಿ ಮನೆಯಲ್ಲೇ ಮಕ್ಕಳ ಹತ್ತಿ ಫ್ರಾಕ್ ಹೊಲಿಯುತ್ತಾರೆ ಎನ್ನಿ. ತೆರಿಗೆ ಬಿಟ್ಟು ಒಂದಕ್ಕೆ 600 ರೂಪಾಯಿ, ತಿಂಗಳಿಗೆ 60 ಫ್ರಾಕ್. ತಿಂಗಳ ಮಾರಾಟ 36,000, ವರ್ಷಕ್ಕೆ 4,32,000 ರೂಪಾಯಿ. 40 ಲಕ್ಷ ಬಹಳ ದೂರ. ಬೆಂಗಳೂರು, ಮೈಸೂರು, ಬೆಳಗಾವಿಯ ಗಿರಾಕಿಗಳೇ ಸಾಕು ಎಂದಾದರೆ ಅವರಿಗೆ ಎನ್‌ರೋಲ್‌ಮೆಂಟ್ ಸಂಖ್ಯೆ ಸಾಲುತ್ತದೆ. ಪುಣೆಯಿಂದಲೂ ಚೆನ್ನೈಯಿಂದಲೂ ಆರ್ಡರ್ ಬೇಕು ಎಂದಾದ ದಿನ ಪೂರ್ಣ ನೋಂದಣಿ ಆಗಲೇಬೇಕು. ನನ್ನ ಅಭಿಪ್ರಾಯದಲ್ಲಿ ಸರಕು ಓಡುತ್ತದೋ ಇಲ್ಲವೋ ಎಂದು ಇನ್ನೂ ತಿಳಿಯದವರು ರಾಜ್ಯದೊಳಗೆ ಆರಂಭಿಸುವುದೇ ಒಳ್ಳೆಯದು. ಜಿಎಸ್‌ಟಿ ಸಂಖ್ಯೆ ಪಡೆದ ಮೇಲೆ ಮಾರಾಟ ಇರಲಿ, ಇಲ್ಲದಿರಲಿ, ರಿಟರ್ನ್ಸ್ ಸಲ್ಲಿಸುವ ಬಾಧ್ಯತೆ ಬೆನ್ನಿಗೆ ಬರುತ್ತದೆ.

ತಾಣದ ಗೊಡವೆಯೇ ಇಲ್ಲದೆ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ನಲ್ಲಿ ತಾವೇ ಆರ್ಡರ್ ಹಿಡಿದು ಕೊರಿಯರ್ ಮಾಡುವವರದ್ದು ಬೇರೆ ಲೆಕ್ಕ. ಅವರು ಕರ್ನಾಟಕದೊಳಗೆ ಮಾರುವವರೆಗೆ 40 ಲಕ್ಷದ ಮಿತಿಯಲ್ಲಿ ಇರುತ್ತಾರೆ. ಹೊರರಾಜ್ಯಕ್ಕೆ ಕಳಿಸಿದರೆ ಅವರಿಗೂ 24ನೇ ಸೆಕ್ಷನ್ ಬರುತ್ತದೆ. ಈ ಮಿತಿಯನ್ನು ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವನ್ನೂ ಕೂಡಿಸಬೇಕು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈ ಹೊತ್ತಿಗೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಓದುಗರಿಗೆ ನೆನಪಿರಬಹುದು. ಮನೆ ಖರ್ಚಿನ ಹಣವೂ ವ್ಯಾಪಾರದ ಹಣವೂ ಒಂದೇ ಖಾತೆಗೆ ಬರುತ್ತಿದ್ದರೆ ಮುಂದೆ ಅದನ್ನು ಬಿಡಿಸಿ ತೋರಿಸುವುದು ಕಷ್ಟ. ಮಾರಾಟಕ್ಕೆ ಪ್ರತ್ಯೇಕ ಖಾತೆ ಇಡುವುದು ಮೇಲು.

ಈಗ ದಾವಣಗೆರೆಯ ಆ ಗೃಹಿಣಿ ಪೂರ್ಣ ನೋಂದಣಿಗೇ ಹೊರಟರು ಎನ್ನೋಣ. ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಒಂದು ರೂಪಾಯಿಯೂ ಇಲ್ಲ. ಅರ್ಜಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ರಾಜ್ಯ, ಜಿಲ್ಲೆ, ಪ್ಯಾನ್‌ನಲ್ಲಿ ಇರುವಂತೆಯೇ ಹೆಸರು, ಮೊಬೈಲ್, ಇಮೇಲ್ ಕೊಡಬೇಕು. ಎರಡಕ್ಕೂ ಬೇರೆ ಬೇರೆ ಒಟಿಪಿ ಬರುತ್ತದೆ. ಅದಾದ ಮೇಲೆ ಟಿಆರ್‌ಎನ್ ಎಂಬ ತಾತ್ಕಾಲಿಕ ಸಂಖ್ಯೆ ಸಿಗುತ್ತದೆ. 15 ದಿನದೊಳಗೆ ಎರಡನೇ ಭಾಗವನ್ನು ತುಂಬಿ ಸಲ್ಲಿಸಬೇಕು, ಇಲ್ಲವಾದರೆ ಮತ್ತೆ ಮೊದಲಿನಿಂದ.

ಅನೇಕರು ಎಡವುವುದು ಈ ಮೊದಲ ಪುಟದಲ್ಲೇ. ಅರ್ಜಿ ತುಂಬಿಕೊಡುವ ಏಜೆಂಟ್ ತನ್ನ ಮೊಬೈಲ್ ಸಂಖ್ಯೆ, ತನ್ನ ಇಮೇಲ್ ಹಾಕಿಬಿಡುತ್ತಾನೆ. ಮುಂದೆ ಇಲಾಖೆಯ ಪ್ರತಿ ಸಂದೇಶ, ಪ್ರತಿ ನೋಟಿಸ್ ಅವನಿಗೆ ಹೋಗುತ್ತದೆ, ನಿಮಗಲ್ಲ. ಅವನು ಊರು ಬಿಟ್ಟರೆ ನಿಮ್ಮ ಖಾತೆಗೆ ನೀವೇ ಹೋಗಲಾಗುವುದಿಲ್ಲ. ಅರ್ಜಿಯನ್ನು ಯಾರು ಬೇಕಾದರೂ ತುಂಬಲಿ, ಆ ಎರಡು ಜಾಗದಲ್ಲಿ ನಿಮ್ಮದೇ ಸಂಖ್ಯೆ, ನಿಮ್ಮದೇ ಇಮೇಲ್ ಇರಬೇಕು.

ಎರಡನೇ ಭಾಗದಲ್ಲಿ ನೋಂದಣಿಗೆ ಕಾರಣ ಏನು ಎಂಬ ಪ್ರಶ್ನೆ Reason to obtain registration ಎಂಬ ಸಾಲಿನಲ್ಲಿ ಬರುತ್ತದೆ. ತಾಣದ ಮೂಲಕ ಮಾರುವವರು ಇ-ಕಾಮರ್ಸ್ ಮಾರಾಟ ಎಂಬ ಆಯ್ಕೆಯನ್ನೇ ಆರಿಸಬೇಕು. ಕಾಂಪೊಸಿಷನ್ ಬೇಕೇ ಎಂಬ ಪ್ರಶ್ನೆಗೆ ಹೊರರಾಜ್ಯಕ್ಕೆ ಮಾರುವವರು ಬೇಡ ಎನ್ನಬೇಕು, ಆ ಯೋಜನೆಯಲ್ಲಿ ಇರುವವರು ಗಡಿ ದಾಟಿಸಿ ಮಾರುವಂತಿಲ್ಲ.

ವ್ಯಾಪಾರದ ಸ್ಥಳದ ಪುಟಕ್ಕೆ ಸ್ವಲ್ಪ ನಿಧಾನ ಬೇಕು, ಅರ್ಜಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಮನೆಯ ವಿಳಾಸವನ್ನೇ ಕೊಡಬಹುದು, ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಮನೆ ನಿಮ್ಮ ಹೆಸರಿನಲ್ಲಿದ್ದರೆ ಇತ್ತೀಚಿನ ಕಂದಾಯ ರಸೀದಿ, ಖಾತಾ ಪ್ರತಿ, ಕರೆಂಟ್ ಬಿಲ್, ಇವುಗಳಲ್ಲಿ ಒಂದು ಸಾಕು. ಬಾಡಿಗೆ ಮನೆಯಾದರೆ ಬಾಡಿಗೆ ಕರಾರು ಪತ್ರದ ಜೊತೆಗೆ ಮಾಲೀಕರ ಹೆಸರಿನ ಇಂಥದೊಂದು ದಾಖಲೆ ಬೇಕು. ನಮ್ಮ ಉದಾಹರಣೆಯ ಗೃಹಿಣಿಯ ಮನೆ ಅತ್ತೆಯ ಹೆಸರಿನಲ್ಲಿದೆ ಎನ್ನಿ. ಆಗ ಬಾಡಿಗೆ ಕರಾರನ್ನು ಸುಮ್ಮನೆ ಸೃಷ್ಟಿಸುವ ಅಗತ್ಯವಿಲ್ಲ. ಈ ವಿಳಾಸದಲ್ಲಿ ಸೊಸೆ ವ್ಯಾಪಾರ ಮಾಡಲು ನನ್ನ ಒಪ್ಪಿಗೆ ಇದೆ ಎಂದು ಅತ್ತೆ ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಸಾಕು. ಅದರೊಂದಿಗೆ ಅತ್ತೆಯ ಗುರುತಿನ ಪುರಾವೆ, ಅವರ ಹೆಸರಿನ ಬೆಸ್ಕಾಂ ಬಿಲ್ ಸೇರಿಸಬೇಕು. ಬಿಲ್‌ನಲ್ಲಿರುವ ವಿಳಾಸಕ್ಕೂ ಅರ್ಜಿಯಲ್ಲಿ ತುಂಬಿದ ವಿಳಾಸಕ್ಕೂ ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್ ಕೋಡ್ ಸಮೇತ ತಾಳೆಯಾಗಬೇಕು. ಬಿಲ್ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಹೆಚ್ಚುವರಿ ಕಾಗದಗಳಿಗಾಗಿ ಅರ್ಜಿದಾರರನ್ನು ಅಲೆಸುವುದು ಎಷ್ಟು ಹೆಚ್ಚಿತ್ತೆಂದರೆ, ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್ 17ರಂದು ತನ್ನ ಅಧಿಕಾರಿಗಳಿಗೆ ಲಿಖಿತ ಸೂಚನೆ ಕೊಡಬೇಕಾಯಿತು. ಅರ್ಜಿಯಲ್ಲಿ ಪಟ್ಟಿ ಮಾಡಿದ್ದಕ್ಕಿಂತ ಹೆಚ್ಚು ದಾಖಲೆ ಕೇಳಬಾರದು, ಈ ಜಾಗದಲ್ಲಿ ಇಂಥ ವ್ಯಾಪಾರ ಹೇಗೆ ಸಾಧ್ಯ ಎಂಬಂಥ ಊಹೆಯ ಪ್ರಶ್ನೆ ಎತ್ತಬಾರದು ಎಂದು ಅದರಲ್ಲಿದೆ. ನಿಮ್ಮ ಅರ್ಜಿ ಕೇಂದ್ರದ ಅಧಿಕಾರಿಗೆ ಹಂಚಿಕೆಯಾಗಿದ್ದರೆ ಉತ್ತರ ಬರೆಯುವಾಗ ಈ ಸೂಚನೆಯನ್ನು ಹೆಸರಿಸಿಯೇ ಬರೆಯಬಹುದು.

ಅರ್ಜಿ ಸಲ್ಲಿಸಿದ ಮೇಲೆ ಆಧಾರ್ ದೃಢೀಕರಣದ ಕೊಂಡಿ ಬರುತ್ತದೆ. ಹೆಚ್ಚಿನವರಿಗೆ ಒಟಿಪಿಯಲ್ಲೇ ಮುಗಿಯುತ್ತದೆ. ಕೆಲವರಿಗೆ ಮಾತ್ರ ಜಿಎಸ್‌ಟಿ ಸುವಿಧಾ ಕೇಂದ್ರಕ್ಕೆ ಬಂದು ಬೆರಳಚ್ಚು ಕೊಡಿ, ಮೂಲ ದಾಖಲೆ ತನ್ನಿ ಎಂಬ ಸಂದೇಶ ಬರುತ್ತದೆ. ಕರ್ನಾಟಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಈ ವ್ಯವಸ್ಥೆ ಇದೆ. ಈ ಹಂತ ಮುಗಿದ ಮೇಲೆಯೇ ಎಆರ್‌ಎನ್ ಎಂಬ ಅರ್ಜಿ ಸಂಖ್ಯೆ ಹುಟ್ಟುತ್ತದೆ. ಅದು ಬಂದಿಲ್ಲ ಎಂದರೆ ಅರ್ಜಿ ಇಲಾಖೆಯ ಮೇಜಿಗೇ ಹೋಗಿಲ್ಲ ಎಂದರ್ಥ. ಎಲ್ಲ ಸರಿಯಿದ್ದರೆ ಏಳು ಕೆಲಸದ ದಿನಗಳಲ್ಲಿ, ಸ್ಥಳ ಪರಿಶೀಲನೆ ಬೇಕೆನಿಸಿದರೆ 30 ದಿನದೊಳಗೆ ತೀರ್ಮಾನ ಆಗಬೇಕು. 2025ರ ನವೆಂಬರ್ 1ರಿಂದ ಇನ್ನೊಂದು ದಾರಿ ತೆರೆದಿದೆ: ಜಿಎಸ್‌ಟಿ ಸಂಖ್ಯೆ ಇರುವ ಇತರ ವ್ಯಾಪಾರಿಗಳಿಗೆ ಮಾಡುವ ಮಾರಾಟದ ಮೇಲಿನ ತೆರಿಗೆ ತಿಂಗಳಿಗೆ ಎರಡೂವರೆ ಲಕ್ಷ ರೂಪಾಯಿ ಮೀರದು ಎಂದು ಘೋಷಿಸಿಕೊಂಡವರಿಗೆ ಮೂರು ಕೆಲಸದ ದಿನದಲ್ಲಿ ನೋಂದಣಿ. ನೇರವಾಗಿ ಬಳಕೆದಾರರಿಗೆ ಮಾರುವ ಸಣ್ಣವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಸ್ಪಷ್ಟನೆ ಕೇಳಿ ನೋಟಿಸ್ ಬಂದರೆ ಗಾಬರಿ ಬೇಡ. ಆದರೆ ಉತ್ತರಕ್ಕೆ ಇರುವುದು ಏಳು ಕೆಲಸದ ದಿನ ಮಾತ್ರ. ಸುಮ್ಮನಿದ್ದರೆ ಅರ್ಜಿ ತಿರಸ್ಕೃತವಾಗಬಹುದು.

ಕೊನೆಗೆ ಕೈಗೆ ಬರುವುದು 15 ಅಕ್ಷರ ಮತ್ತು ಅಂಕಿಗಳ ಸಂಖ್ಯೆ. ಕರ್ನಾಟಕದ್ದಾದರೆ 29ರಿಂದ ಆರಂಭ, ಅದರ ಬೆನ್ನಿಗೆ ನಿಮ್ಮ ಪ್ಯಾನ್. ಇದಾದ 30 ದಿನದೊಳಗೆ ಅಥವಾ ಮೊದಲ ಜಿಎಸ್‌ಟಿಆರ್-1 ಸಲ್ಲಿಸುವ ಮುಂಚೆ, ಯಾವುದು ಮೊದಲೋ ಆಗ, ಬ್ಯಾಂಕ್ ಖಾತೆಯ ವಿವರ ಸೇರಿಸಬೇಕು. ಮರೆತವರ ನೋಂದಣಿ ಅಮಾನತಾಗುತ್ತದೆ. ತಾಣದವರು ನಿಮ್ಮ ಸರಕನ್ನು ಹೊರರಾಜ್ಯದ ತಮ್ಮ ಗೋದಾಮಿನಲ್ಲಿ ಇಡೋಣ ಎಂದು ಕೇಳಿದರೆ ಯೋಚಿಸಿ ಒಪ್ಪಿ: ಆ ರಾಜ್ಯದಲ್ಲೂ ಬೇರೆಯೇ ನೋಂದಣಿ ಬೇಕಾಗುತ್ತದೆ.

ಹಣದ ಲೆಕ್ಕ ಜನ ಹೆದರುವಷ್ಟು ಭಾರವಿಲ್ಲ. ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5 ತೆರಿಗೆ. ಹಾಗಾಗಿ 36,000 ರೂಪಾಯಿ ಮಾರಾಟಕ್ಕೆ 1,800 ರೂಪಾಯಿಯನ್ನು ಗಿರಾಕಿಯಿಂದ ಪಡೆದಿರುತ್ತೀರಿ. ಆ ತಿಂಗಳು 12,000 ರೂಪಾಯಿಯ ಬಟ್ಟೆ ಕೊಂಡು 600 ರೂಪಾಯಿ ಜಿಎಸ್‌ಟಿ ಕೊಟ್ಟಿದ್ದೀರಿ. ತಾಣದ ಕಮಿಷನ್ 4,000, ಅದರ ಮೇಲೆ ಶೇ. 18ರಂತೆ 720. ಈ ಎರಡನ್ನೂ ಕಳೆದರೆ ಉಳಿಯುವುದು 480. ಇನ್ನು ತಾಣ ನಿಮಗೆ ಹಣ ಕೊಡುವ ಮುನ್ನವೇ ಶೇ. 0.5ರಂತೆ 180 ರೂಪಾಯಿ ಹಿಡಿದು ನಿಮ್ಮ ಹೆಸರಿಗೆ ಸರ್ಕಾರಕ್ಕೆ ಕಟ್ಟಿರುತ್ತದೆ. ಪೋರ್ಟಲ್‌ನಲ್ಲಿ ನೀವು ಅದನ್ನು ಒಪ್ಪಿಕೊಂಡರೆ ನಿಮ್ಮ ನಗದು ಖಾತೆಗೆ ಬರುತ್ತದೆ. ಆ ಬಳಿಕ ಕೈಯಿಂದ ಕಟ್ಟಬೇಕಾದದ್ದು ಸುಮಾರು 300 ರೂಪಾಯಿ. ಬಟ್ಟೆ ಅಂಗಡಿಯವರು ನಿಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸದ ಬಿಲ್ ಕೊಟ್ಟಿದ್ದರೆ ಮಾತ್ರ ಆ 600 ರೂಪಾಯಿ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ನಿಜವಾದ ನಷ್ಟ ಆಗುವುದು ಮಾರಾಟ ನಿಂತ ಮೇಲೆ. ಒಂದೂ ಆರ್ಡರ್ ಇಲ್ಲದ ಅವಧಿಗೂ ಸೊನ್ನೆ ರಿಟರ್ನ್ಸ್ ಸಲ್ಲಿಸಬೇಕು; ತಡವಾದರೆ ಅದಕ್ಕೂ ದಿನಕ್ಕೆ 20 ರೂಪಾಯಿ ದಂಡ ಏರುತ್ತಾ ಹೋಗುತ್ತದೆ. ವ್ಯಾಪಾರ ಬಿಟ್ಟವರು ನೋಂದಣಿ ತಾನಾಗಿ ಸಾಯುತ್ತದೆ ಎಂದು ಕಾಯಬೇಡಿ. ಪೋರ್ಟಲ್‌ನಲ್ಲೇ ರದ್ದತಿಗೆ ಅರ್ಜಿ ಹಾಕಿ, ಆದೇಶ ಬಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ಸ್ ಸಲ್ಲಿಸಿ.