ಕೋಳಿಗೆ ಉಪ್ಪು ಹಿಡಿಯುವ ಬಗೆ

ಬ್ರಾಯ್ಲರ್ ಕೋಳಿಯ ಎದೆಯ ಮಾಂಸದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ ಇರುತ್ತದೆ. ಕೊಬ್ಬು ತೀರಾ ಕಡಿಮೆ. ಕಾವಲಿಯ ಮೇಲೋ ಕೆಂಡದ ಮೇಲೋ ನಾಲ್ಕೈದು ನಿಮಿಷ ಹೆಚ್ಚಾದರೆ ಸಾಕು, ಅದು ಹತ್ತಿ ಅಗಿದಂತಾಗುತ್ತದೆ. ತೊಡೆಯ ತುಂಡು ಅಷ್ಟು ಬೇಗ ಕೆಡುವುದಿಲ್ಲ. ಬೇಯಿಸುವ ಮೊದಲು ಉಪ್ಪು ಹಚ್ಚಿಡುವುದು, ಉಪ್ಪುನೀರಿನಲ್ಲಿ ನೆನೆಸಿಡುವುದು ಹೆಚ್ಚಾಗಿ ಈ ಎದೆಯ ಮಾಂಸವನ್ನು ಕಾಪಾಡುವ ಉಪಾಯಗಳು.

ಮಾಂಸದ ಪ್ರತಿ ಎಳೆಯೊಳಗೂ ಮಯೋಸಿನ್ ಮತ್ತು ಆಕ್ಟಿನ್ ಎಂಬ ಎರಡು ಪ್ರೋಟೀನುಗಳ ಸಣ್ಣ ತಂತುಗಳು ಒತ್ತಾಗಿ ಜೋಡಿಸಿಕೊಂಡಿರುತ್ತವೆ. ಮಾಂಸದ ಬಹುಪಾಲು ನೀರು ಇವುಗಳ ನಡುವಿನ ಸಂದಿಗಳಲ್ಲಿದೆ. ಬಿಸಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಯೋಸಿನ್ ತನ್ನ ರೂಪ ಕಳೆದುಕೊಂಡು ಗಟ್ಟಿಯಾಗತೊಡಗುತ್ತದೆ. 65 ಡಿಗ್ರಿ ದಾಟಿದ ಮೇಲೆ ಆಕ್ಟಿನ್ ಸರದಿ. ತಂತುಗಳು ಕುಗ್ಗಿದಂತೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಬೀಳುತ್ತದೆ. ಬಾಣಲೆಯಲ್ಲಿ ಕೋಳಿ ‘ನೀರು ಬಿಡುವುದು’ ಎಂದರೆ ಇದೇ.

ಉಪ್ಪು ಈ ಜೋಡಣೆಯನ್ನೇ ಸಡಿಲಿಸುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನ ಕ್ಲೋರೈಡ್ ಕಣಗಳು ತಂತುಗಳಿಗೆ ಅಂಟಿಕೊಂಡು ಅವುಗಳ ಋಣ ವಿದ್ಯುದಂಶವನ್ನು ಹೆಚ್ಚಿಸುತ್ತವೆ. ಒಂದೇ ಬಗೆಯ ವಿದ್ಯುದಂಶವಿರುವ ತಂತುಗಳು ಒಂದನ್ನೊಂದು ದೂರ ತಳ್ಳುತ್ತವೆ, ಸಂದಿ ಅಗಲವಾಗುತ್ತದೆ, ಅಲ್ಲಿ ಇನ್ನಷ್ಟು ನೀರಿಗೆ ಜಾಗವಾಗುತ್ತದೆ. ಜೊತೆಗೆ ಮಯೋಸಿನ್ನಿನ ಒಂದಂಶ ಕರಗಿ, ಬೆಂದಾಗ ಮೃದುವಾದ ಗಂಜಿಯಂತೆ ಹೆಪ್ಪುಗಟ್ಟಿ ನೀರನ್ನು ಹಿಡಿದುಕೊಳ್ಳುತ್ತದೆ. ನೆನೆದ ಮಾಂಸದ ತೂಕ ನೂರಕ್ಕೆ ಹತ್ತರಷ್ಟು ಏರಬಹುದು. ಬೇಯುವಾಗ ಸಾಮಾನ್ಯವಾಗಿ ಇಪ್ಪತ್ತರಷ್ಟು ಹೋಗುವುದರಿಂದ, ಒಟ್ಟಾರೆ ನಷ್ಟ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಇದನ್ನು ಆಸ್ಮಾಸಿಸ್ ಎಂದು ವಿವರಿಸುವವರು ಬಹಳ ಮಂದಿ. ಆದರೆ ಬರೀ ಆಸ್ಮಾಸಿಸ್ ಆಗಿದ್ದರೆ ಉಪ್ಪು ಹೆಚ್ಚಿರುವ ಹೊರಗಿನ ದ್ರಾವಣಕ್ಕೇ ನೀರು ಹರಿದು, ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳಿನಂತೆ ಮಾಂಸ ಬತ್ತಬೇಕಿತ್ತು. ಅದು ಉಬ್ಬುವುದಕ್ಕೆ ಕಾರಣ ಪ್ರೋಟೀನಿನಲ್ಲಾಗುವ ಬದಲಾವಣೆ.

ಅರ್ಧ ಕಿಲೋ ಮೂಳೆಯಿಲ್ಲದ ಎದೆಯ ಮಾಂಸಕ್ಕೆ ಲೆಕ್ಕ ಹೀಗೆ. ಅರ್ಧ ಲೀಟರ್ ತಣ್ಣೀರಿಗೆ 30 ಗ್ರಾಂ ಉಪ್ಪು ಕರಗಿಸಿದರೆ ಸುಮಾರು ಆರು ಪರ್ಸೆಂಟಿನ ದ್ರಾವಣವಾಗುತ್ತದೆ. ಅದರಲ್ಲಿ ಒಂದು ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ತಿನ್ನಲಾಗದಷ್ಟು ಉಪ್ಪಾಗುತ್ತದೆ. ಗಡಿಯಾರ ನೋಡುತ್ತ ಕೂರಲು ಮನಸ್ಸಿಲ್ಲದವರು ಮಾಂಸ, ನೀರು ಎರಡನ್ನೂ ಸೇರಿಸಿ ತೂಗಿ, ಒಟ್ಟು ಒಂದು ಕಿಲೋಗೆ ಹತ್ತೇ ಗ್ರಾಂ ಉಪ್ಪು ಹಾಕಿ ರಾತ್ರಿ ಫ್ರಿಜ್‌ನಲ್ಲಿಡಬಹುದು. ಒಳಗೂ ಹೊರಗೂ ಉಪ್ಪು ಸಮವಾಗುವ ಹೊತ್ತಿಗೆ ಮಾಂಸದಲ್ಲಿ ಹೆಚ್ಚುಕಡಿಮೆ ಒಂದು ಪರ್ಸೆಂಟ್ ನಿಲ್ಲುತ್ತದೆ, ಅದು ನಾಲಿಗೆಗೆ ಹಿತವಾದ ಪ್ರಮಾಣ. ಚಮಚದ ಅಳತೆಯನ್ನು ನಂಬುವಂತಿಲ್ಲ: ಪುಡಿಯುಪ್ಪಿನ ಒಂದು ಟೀ ಚಮಚ ಸುಮಾರು ಆರು ಗ್ರಾಂ ತೂಗಿದರೆ, ಕಲ್ಲುಪ್ಪು ಹರಳಿನ ಗಾತ್ರಕ್ಕೆ ತಕ್ಕಂತೆ ಬೇರೆಯೇ ತೂಗುತ್ತದೆ.

ನೆನೆಸಿದ ಮಾಂಸದಲ್ಲಿ ಸೇರಿಕೊಳ್ಳುವುದು ನಲ್ಲಿಯ ನೀರು, ಹಾಗಾಗಿ ಕೋಳಿಯ ಸ್ವಂತ ರುಚಿ ಸ್ವಲ್ಪ ತೆಳುವಾಗುತ್ತದೆ. ಒಣ ಉಪ್ಪಿನಲ್ಲಿ ಈ ತೊಂದರೆಯಿಲ್ಲ. ಕಿಲೋಗೆ ಹತ್ತು ಗ್ರಾಂನಂತೆ ಸವರಿಟ್ಟರೆ ಮೊದಲ ಅರ್ಧ ಗಂಟೆಯಲ್ಲಿ ಮೇಲೆಲ್ಲ ನೀರೊಡೆಯುತ್ತದೆ. ಆಗ ಗಾಬರಿಯಾಗಿ ಒರೆಸಬಾರದು. ಅದೇ ನೀರಿನಲ್ಲಿ ಉಪ್ಪು ಕರಗಿ, ಗಂಟೆ ಕಳೆದಂತೆ ಮತ್ತೆ ಒಳಗೆ ಸೇರುತ್ತದೆ. ಹುರಿಯುವುದಕ್ಕೆ ಈ ಮೊದಲ ಅರ್ಧ ಗಂಟೆಯೇ ಕೆಟ್ಟ ಹೊತ್ತು: ಮೈ ಒದ್ದೆಯಿದ್ದರೆ ತುಂಡು ಕೆಂಪಗಾಗದೆ ಬೇಯುತ್ತದೆ. ಚರ್ಮ ಸಮೇತ ಇಡೀ ಕೋಳಿಯಾದರೆ ಒಂದು ದಿನ ಫ್ರಿಜ್‌ನಲ್ಲಿ ಮುಚ್ಚದೆ ಬಿಡುವುದು ಮೇಲು, ಚರ್ಮ ಒಣಗಿ ಗರಿಗರಿಯಾಗುತ್ತದೆ. ಸ್ಯಾನ್‌ ಫ್ರಾನ್ಸಿಸ್ಕೋದ ಜೂನಿ ಕೆಫೆಯ ಜೂಡಿ ರಾಡ್ಜರ್ಸ್ ಹೆಸರಾದದ್ದು ಹೀಗೆ ಒಂದರಿಂದ ಮೂರು ದಿನ ಮೊದಲೇ ಉಪ್ಪು ಹಚ್ಚಿದ ಕೋಳಿಯಿಂದ.

ಉಪ್ಪು ಅತಿಯಾಗಿದೆಯೆಂದು ಬಾಯಿಗೆ ಮೊದಲು ತಿಳಿಯುವುದು ರುಚಿಯಿಂದಲ್ಲದೆ ಹದದಿಂದಲೂ ಇರಬಹುದು: ತುಂಡು ಎಳೆಎಳೆಯಾಗಿ ಬಿಡದೆ ಸಾಸೇಜಿನಂತೆ ರಬ್ಬರಾಗುತ್ತದೆ. ಇನ್ನು ಅರಿಶಿನ, ಶುಂಠಿ-ಬೆಳ್ಳುಳ್ಳಿಗಳ ಬಹುಪಾಲು ಉಪ್ಪಿನಷ್ಟು ಒಳಗಿಳಿಯುವುದಿಲ್ಲ. ತಂದೂರಿ ತುಂಡನ್ನು ಕತ್ತರಿಸಿದರೆ ಕೆಂಪು ಬಣ್ಣ ಅಂಚಿನಲ್ಲೇ ನಿಂತಿರುವುದು ಕಾಣುತ್ತದೆ. ನಡುವಿನವರೆಗೆ ಹೋಗಿರುವುದು ಉಪ್ಪು. ನೆನೆಸುವುದೆಲ್ಲ ಫ್ರಿಜ್‌ನಲ್ಲೇ ಆಗಬೇಕು, ಬಳಸಿದ ನೀರನ್ನು ಚೆಲ್ಲಬೇಕು. ಉಪ್ಪು ಹಾಕಿದ್ದರೂ ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಲೇಬೇಕು.

ನಾಟಿ ಕೋಳಿಗೆ ಈ ಉಪಾಯ ಹೆಚ್ಚೇನೂ ಮಾಡದು. ಅದರ ಗಡಸುತನ ಬರುವುದು ಎಳೆಗಳನ್ನು ಕಟ್ಟಿಹಾಕಿರುವ ಕೊಲಾಜೆನ್‌ನಿಂದ, ಅದು ಕರಗಲು ಉಪ್ಪಲ್ಲ, ಹೊತ್ತು ಬೇಕು. ಗಂಟೆಗಟ್ಟಲೆ ಕುದಿಯುವ ಸಾರಿನಲ್ಲಿ ಉಪ್ಪು ಹೇಗೂ ಒಳಗಿಳಿಯುತ್ತದೆ, ಮಾಂಸ ಬಿಟ್ಟ ರಸವೂ ಸಾರಿಗೇ ಸೇರುತ್ತದೆ.