ಸರ್ಪಸುತ್ತಿನ ಮಾತ್ರೆಗೆ ಜೀವ ಕೊಡುವುದು ವೈರಸ್ಸೇ

ಸರ್ಪಸುತ್ತಿನ ತಲೆ, ಬಾಲ ಕೂಡಿದರೆ ಕತೆ ಮುಗಿಯಿತು ಎಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ಅವು ಕೂಡುವುದು ತೀರಾ ಅಪರೂಪ. ಬೊಕ್ಕೆಗಳು ಏಳುವುದು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ, ಒಂದು ನರದ ಜಾಡು ಹಿಡಿದು. ಹಿಂದೆಂದೋ ಚಿಕನ್‌ಪಾಕ್ಸ್ ತಂದ ವೈರಸ್ ಆ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಎದ್ದಿರುತ್ತದೆ. ಇದು ಹರ್ಪಿಸ್ ಕುಟುಂಬದ್ದು.

ಅರವತ್ತೈದರ ಹಿರಿಯರೊಬ್ಬರಿಗೆ ಬಲಪಕ್ಕೆಯಲ್ಲಿ ಉರಿ ಶುರುವಾಗಿ ಬೊಕ್ಕೆ ಎದ್ದಿವೆ ಎನ್ನಿ. ವೈದ್ಯರು ಅಸೈಕ್ಲೊವಿರ್ 800 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಐದು ಸಲ, ಏಳು ದಿನ ಬರೆಯುತ್ತಾರೆ. ರಕ್ತ ಸೇರಿದಾಗ ಈ ಮದ್ದು ನಿರುಪದ್ರವಿ, ನಿಷ್ಪ್ರಯೋಜಕ ಕೂಡ. ಕೆಲಸಕ್ಕೆ ಬರಬೇಕಾದರೆ ಅದಕ್ಕೆ ಮೂರು ಫಾಸ್ಫೇಟ್‌ಗಳು ಅಂಟಬೇಕು. ಮೊದಲನೆಯದನ್ನು ಅಂಟಿಸುವುದು ವೈರಸ್ ತನಗೆಂದು ಮಾಡಿಸಿಕೊಂಡ ಥೈಮಿಡಿನ್ ಕೈನೇಸ್ ಎಂಬ ಕಿಣ್ವ. ನಮ್ಮ ಕಿಣ್ವಗಳಿಗೆ ಅದು ಹೆಚ್ಚುಕಡಿಮೆ ಆಗದ ಕೆಲಸ. ಉಳಿದೆರಡನ್ನು ನಮ್ಮ ಜೀವಕೋಶವೇ ಸೇರಿಸುತ್ತದೆ. ಹೀಗಾಗಿ ಮದ್ದು ಚುರುಕಾಗುವುದು ಸೋಂಕು ತಗುಲಿದ ಕೋಶದಲ್ಲಿ ಮಾತ್ರ. ಇದನ್ನು ರೂಪಿಸಿದ ತಂಡದ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಹಂಚಿಕೊಂಡರು.

ಮುಂದಿನದು ಮೋಸ. ಅಸೈಕ್ಲೊವಿರ್ ನೋಡಲು ಡಿಎನ್ಎಯ ಒಂದು ಘಟಕವಾದ ಡಿಆಕ್ಸಿಗ್ವಾನೊಸಿನ್‌ನಂತೆಯೇ ಇದೆ. ಆದರೆ ಇದು ಒಂದೇ ಕಡೆ ಕೊಕ್ಕೆಯಿರುವ ಸರಪಳಿಯ ಕೊಂಡಿ. ವೈರಸ್ ತನ್ನ ಡಿಎನ್ಎ ನಕಲು ಮಾಡುವಾಗ ಇದನ್ನು ಪೋಣಿಸಿಕೊಂಡರೆ ಮುಂದಿನ ಕೊಂಡಿಗೆ ಹಿಡಿಯಲು ಜಾಗವಿಲ್ಲ. ನಕಲು ಅಲ್ಲಿಗೇ ನಿಲ್ಲುತ್ತದೆ.

ನಕಲು ನಡೆಯುತ್ತಿದ್ದರೆ ಮಾತ್ರ ಈ ಮೋಸ ಸಾಗುವುದು. ಆದ್ದರಿಂದಲೇ ಬೊಕ್ಕೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕೆನ್ನುತ್ತಾರೆ. ನರದ ಬುಡದಲ್ಲಿ ಸುಮ್ಮನೆ ಮಲಗಿದ ವೈರಸ್ಸಿಗೆ ಇದು ಏನೂ ಮಾಡದು; ತುಟಿಯ ಹರ್ಪಿಸ್ ಹುಣ್ಣು ಮತ್ತೆ ಮತ್ತೆ ಬರುವುದೂ ಇದಕ್ಕೇ. ನುಂಗಿದ್ದರಲ್ಲಿ ಐದನೇ ಒಂದು ಪಾಲಿನಷ್ಟೇ ರಕ್ತಕ್ಕೆ ಇಳಿಯುವುದರಿಂದ ಈಗ ಹಲವರು ವಾಲಾಸೈಕ್ಲೊವಿರ್ ಬರೆಯುತ್ತಾರೆ. ಅದು ಚೆನ್ನಾಗಿ ಹೀರಿಕೊಂಡು ಒಳಗೆ ಅಸೈಕ್ಲೊವಿರ್ ಆಗುತ್ತದೆ, ದಿನಕ್ಕೆ ಮೂರು ಸಲ ಸಾಕು. ಮದ್ದು ಹೊರಹೋಗುವುದು ಮೂತ್ರದಲ್ಲಿ. ಮೂತ್ರಪಿಂಡ ದುರ್ಬಲವಿದ್ದವರಿಗೆ ಪ್ರಮಾಣ ಇಳಿಸದಿದ್ದರೆ ಅದು ಮೈಯಲ್ಲೇ ಉಳಿದು ಬುದ್ಧಿ ಮಂಕಾಗಿ ಬಡಬಡಿಸತೊಡಗಬಹುದು. ಮನೆಯವರು ಅದನ್ನು ವಯಸ್ಸಿನ ಅರಳುಮರಳು ಎಂದು ಬಿಟ್ಟುಬಿಡಬಾರದು.

ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮಾತ್ರೆ ನುಂಗುತ್ತಿದ್ದರೂ ಹುಣ್ಣು ಮಾಯದಿದ್ದರೆ ಬೇರೆಯೇ ಅನುಮಾನ. ಅಂಥ ವೈರಸ್ ಹೆಚ್ಚಾಗಿ ತನ್ನ ಥೈಮಿಡಿನ್ ಕೈನೇಸನ್ನೇ ಕಳೆದುಕೊಂಡಿರುತ್ತದೆ. ಆಗ ಆ ಕಿಣ್ವದ ಹಂಗಿಲ್ಲದ ಫೊಸ್ಕಾರ್ನೆಟ್ ಬೇಕು.

ಫ್ಲೂ ವೈರಸ್ಸಿಗೆ ಆ ಕಿಣ್ವವೂ ಇಲ್ಲ, ಡಿಎನ್ಎಯೂ ಇಲ್ಲ. ಅದನ್ನು ಹಿಡಿಯುವುದು ಹೊರಹೋಗುವ ಹೊತ್ತಿನಲ್ಲಿ. ಹೊಸ ವೈರಸ್‌ಗಳು ಕೋಶದ ಮೇಲಿನ ಸಯಾಲಿಕ್ ಆಮ್ಲಕ್ಕೆ ಅಂಟಿಕೊಂಡಿರುತ್ತವೆ. ನ್ಯೂರಮಿನಿಡೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಬಿಡಿಸುತ್ತದೆ. 2009ರ ಎಚ್1ಎನ್1 ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಟ್ಯಾಮಿಫ್ಲೂ, ಅಂದರೆ ಒಸೆಲ್ಟಾಮಿವಿರ್, ಆ ಕಿಣ್ವದ ಕತ್ತರಿಸುವ ಜಾಗದಲ್ಲೇ ಹೋಗಿ ಕೂರುತ್ತದೆ. 48 ಗಂಟೆಯೊಳಗೆ ಶುರುಮಾಡಿದರೂ ಆರೋಗ್ಯವಂತ ವಯಸ್ಕರಿಗೆ ಜ್ವರ ಒಂದು ದಿನದಷ್ಟು ಬೇಗ ಇಳಿದೀತು, ಅಷ್ಟೇ. ಆ ಜಾಗದ ಹತ್ತಿರ, 275ನೇ ಸ್ಥಾನದಲ್ಲಿ, ಒಂದೇ ಅಮೈನೊ ಆಮ್ಲ ಬದಲಾದರೂ ಕೆಲವು ಎಚ್1ಎನ್1 ವೈರಸ್‌ಗಳಲ್ಲಿ ಒಸೆಲ್ಟಾಮಿವಿರ್ ಸರಿಯಾಗಿ ಕೂರದು. ಸಯಾಲಿಕ್ ಆಮ್ಲವನ್ನು ಇನ್ನೂ ಹೆಚ್ಚು ಹೋಲುವ, ಉಸಿರಲ್ಲಿ ಎಳೆದುಕೊಳ್ಳುವ ಪುಡಿ ಜಾನಾಮಿವಿರ್‌ಗೆ ಮಾತ್ರ ಅಲ್ಲಿ ಇನ್ನೂ ಜಾಗ ಸಿಗುತ್ತದೆ.